ಡಬ್ಬಿ ಬೋರಲು ಹಾಕಿದ ಮೇಲೆ ಒಂದು ಲೆಕ್ಕ

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷ ಓದ್ತಿದ್ದೇನೆ, ಕಲಬುರಗಿಯಲ್ಲಿ ಖೋಲಿ ಮಾಡಿಕೊಂಡಿದ್ದೇನೆ. ಅಲಾರಂ ಇಟ್ಟೆ, ಟೈಮ್‌ಟೇಬಲ್ ಬರೆದು ಗೋಡೆಗೆ ಹಚ್ಚಿದೆ, ಯಾವುದೂ ನಾಲ್ಕು ದಿನದ ಮೇಲೆ ನಡೆಯಲಿಲ್ಲ. ಹಳೆ ಅಭ್ಯಾಸಕ್ಕೆ ಹೊಸದನ್ನು ಜೋಡಿಸೋದು, ಹ್ಯಾಬಿಟ್ ಸ್ಟ್ಯಾಕಿಂಗ್ ಅಂತಾರಲ್ಲ, ಅದು ನಿಜವಾಗಿ ಕೆಲಸ ಮಾಡ್ತದಾ? ಹೆಂಗೆ ಮಾಡಬೇಕು?

ಮಾಡ್ತದೆ. ಆದರೆ ಬಹಳ ಮಂದಿ ಒಂದು ಕಡೆ ಎಡವುತ್ತಾರೆ. ಯಾವ ಹೊಸ ಅಭ್ಯಾಸ ಬೇಕು ಅಂತ ವಾರಗಟ್ಟಲೆ ಯೋಚಿಸಿ, ಅದನ್ನು ಯಾವ ಗೂಟಕ್ಕೆ ಕಟ್ಟಬೇಕು ಅನ್ನೋದನ್ನು ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡಿಬಿಡ್ತಾರೆ. ನಾನು ಇಲ್ಲೇ ಒಂದು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸ್ತೇನೆ. ಹುಡುಗರು ನನ್ನ ಹತ್ತಿರ ತಂದ ಯೋಜನೆಗಳಲ್ಲಿ ಕೆಟ್ಟವೆಲ್ಲ ಹೆಚ್ಚುಕಮ್ಮಿ ಗೂಟ ಸಡಿಲ ಇದ್ದವೇ.

ಮೊದಲು ನಿಮ್ಮ ಅಲಾರಂ ವಿಷಯ. ಅದು ಸೋತಿದ್ದಕ್ಕೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಅಂದುಕೊಳ್ಳಬೇಡಿ. ಅಲಾರಂ ಹೊಡೆದಾಗ ನೀವು ಎಲ್ಲಿರ್ತೀರಿ, ಕೈಯಲ್ಲಿ ಏನಿರ್ತದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಸಂಜೆ ಏಳಕ್ಕೆ ಹೊಡೆದರೆ ಒಂದು ದಿನ ಸೂಪರ್ ಮಾರ್ಕೆಟ್‌ನಲ್ಲಿ ಮಿರ್ಚಿ ತಿನ್ನುತ್ತಿರ್ತೀರಿ, ಇನ್ನೊಂದು ದಿನ ಮಲಗಿರ್ತೀರಿ. ಒತ್ತಿ ಬಂದ್ ಮಾಡ್ತೀರಿ. ಹತ್ತು ದಿನ ಹಾಗೆ ಮಾಡಿದರೆ ಬಂದ್ ಮಾಡೋದೇ ಅಭ್ಯಾಸ ಆಗ್ತದೆ! ಈಗಾಗಲೇ ದಿನಾ ಮಾಡುವ ಕೆಲಸ ಹಾಗಲ್ಲ. ಅದು ಮುಗಿಯುವಾಗ ನೀವು ಪ್ರತಿದಿನ ಅದೇ ಜಾಗದಲ್ಲಿ, ಅದೇ ಸ್ಥಿತಿಯಲ್ಲಿ ಇರ್ತೀರಿ. ಆ ಮುಗಿಯುವ ಗಳಿಗೆಯೇ ಮುಂದಿನದನ್ನು ನೆನಪಿಸ್ತದೆ, ಗಡಿಯಾರ ನೋಡುವ ಕೆಲಸ ಇಲ್ಲ.

ಇದರ ಬುಡದಲ್ಲಿರುವ ತತ್ವವನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಬಹಳ ವರ್ಷ ಪರೀಕ್ಷಿಸಿದವರು. ಅವರು ಮತ್ತು ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಿಮ್ಮಂಥ ವಿದ್ಯಾರ್ಥಿಗಳ ಮೇಲೆಯೇ ನಡೆದದ್ದು. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆದಿರಿ ಅಂತ, ಅದಾದ 48 ಗಂಟೆಯೊಳಗೆ ಬರೆದು ಕಳಿಸಬೇಕಿತ್ತು. ಬರೆಯುವ ಮನಸ್ಸು ಎಲ್ಲರಿಗೂ ಇತ್ತು. ಎಲ್ಲಿ, ಯಾವಾಗ ಕೂತು ಬರೆಯುತ್ತೇನೆ ಅಂತ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಬರೆದರು, ಉಳಿದವರಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ. ಸ್ಟ್ಯಾಕಿಂಗ್ ಅಂದರೆ ಇದೇ. ಆ ‘ಎಲ್ಲಿ, ಯಾವಾಗ’ ಎಂಬ ಜಾಗದಲ್ಲಿ ನಿಮ್ಮದೇ ಒಂದು ಹಳೆ ಅಭ್ಯಾಸವನ್ನು ಇಡ್ತೀರಿ, ಅಷ್ಟೇ ವ್ಯತ್ಯಾಸ.

ಈಗ ಒಬ್ಬ ಹುಡುಗನ ಕಥೆ ಹೇಳ್ತೇನೆ, ಅದರಲ್ಲೇ ಮಾಡುವ ರೀತಿ ಎಲ್ಲ ಬಂದುಬಿಡ್ತದೆ. ಆಳಂದ ಕಡೆಯ ಹಳ್ಳಿಯವನು, ಮೂವರು ಗೆಳೆಯರ ಜೊತೆ ಖೋಲಿಯಲ್ಲಿದ್ದ. ಗಣಿತದಲ್ಲಿ ಹಿಂದೆ ಬಿದ್ದಿದ್ದ, ದಿನಾ ಸ್ವಲ್ಪ ಇಂಟಿಗ್ರೇಶನ್ ಲೆಕ್ಕ ಬಿಡಿಸಬೇಕು ಅನ್ನೋದು ಅವನ ಆಸೆ. ಮೊದಲು ಅವನು ಬರೆದುಕೊಂಡಿದ್ದು: ‘ಕಾಲೇಜಿನಿಂದ ಬಂದ ಮೇಲೆ ಲೆಕ್ಕ ಮಾಡುವುದು’. ಕೇಳೋಕೆ ಚಂದ. ಆದರೆ ಕಾಲೇಜಿನಿಂದ ಬರೋದು ಅಂದರೆ ಯಾವ ಗಳಿಗೆ? ಚಪ್ಪಲಿ ಬಿಟ್ಟಾಗಲೋ, ಚಹಾ ಕುಡಿದಾಗಲೋ, ಹಾಸಿಗೆ ಮೇಲೆ ಬಿದ್ದು ಮೊಬೈಲ್ ಹಿಡಿದಾಗಲೋ? “ಸರ್, ಪುಸ್ತಕ ತೆಗೀಬೇಕು ಅನ್ನೋದೇ ನೆನಪಾಗಂಗಿಲ್ಲರಿ” ಅಂದ. ಸುಳ್ಳಲ್ಲ ಅದು. ‘ಬಂದ ಮೇಲೆ’ ಅನ್ನೋದಕ್ಕೆ ಅಂಚೇ ಇಲ್ಲ, ಸಂಜೆಯೆಲ್ಲ ‘ಬಂದ ಮೇಲೆ’ಯೇ.

ಮೂರು ದಿನ ಏನೂ ಬದಲಾಯಿಸಬೇಡ, ಮುಂಜಾನೆಯಿಂದ ರಾತ್ರಿ ತನಕ ತಪ್ಪದೆ ಏನೇನು ಮಾಡ್ತೀ, ಅದು ಯಾವಾಗ ಮುಗೀತದೆ ಅಂತ ಬರೀ ಅಂದೆ. ಮೂರು ದಿನವೂ ಇದ್ದ ಬಾಬತ್ತುಗಳು ಏಳೋ ಎಂಟೋ ಸಿಕ್ಕವು. ಅದರಲ್ಲಿ ಒಂದು ಬಂಗಾರದಂಥದ್ದು: ಬುತ್ತಿ. ಅವನ ಅವ್ವ ಊರ ಬಸ್ಸಿಗೆ ದಿನಾ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿ ಕಳಿಸ್ತಿದ್ದಳು. ಇವನು ಬಸ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಳ್ಳುವಾಗ ಖಾಲಿ ಡಬ್ಬಿ ವಾಪಸ್ ಕೊಡಬೇಕು. ಹಾಗಾಗಿ ರಾತ್ರಿ ಉಂಡು ಡಬ್ಬಿ ತೊಳೆಯದೆ ಮಲಗುವ ಹಾಗಿಲ್ಲ. ಜ್ವರ ಬಂದರೂ, ಕರೆಂಟು ಹೋದರೂ ತೊಳೆಯಲೇಬೇಕು. ಇಂಥ ಗೂಟ ಸಿಕ್ಕರೆ ಬಿಡಬಾರದು.

‘ರಾತ್ರಿ ಡಬ್ಬಿ ತೊಳೆದ ಮೇಲೆ ಒಂದು ಲೆಕ್ಕ’ ಅಂತ ಶುರುವಾಯಿತು. ಮೊದಲ ವಾರ ಆರು ರಾತ್ರಿಯಲ್ಲಿ ಎರಡು ತಪ್ಪಿದವು. ಯಾಕೆ ಅಂತ ಕೆದಕಿದರೆ, ಡಬ್ಬಿ ತೊಳೆಯೋದು ಹೊರಗಿನ ನಳದ ಹತ್ತಿರ. ಕೈ ಒದ್ದೆ, ಪಕ್ಕದ ಖೋಲಿಯವರು ಅಲ್ಲೇ ಮಾತಿಗೆ ನಿಂತಿರ್ತಾರೆ, ಮಾತು ಹಾಗೇ ಚಹಾದ ಅಂಗಡಿಗೆ ಹೋಗ್ತದೆ. ಆಗ ಗೂಟವನ್ನು ಒಂದು ಮಾರು ಸರಿಸಿದೆವು. ತೊಳೆದ ಡಬ್ಬಿಯನ್ನು ಅವನು ಖೋಲಿಯ ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕ್ತಿದ್ದ. ‘ಡಬ್ಬಿ ಬೋರಲು ಹಾಕಿದ ಮೇಲೆ’ ಅಂತ ತಿದ್ದಿದೆವು. ಅಲ್ಲಿ ಅವನು ಖೋಲಿಯೊಳಗೆ ಇರ್ತಾನೆ, ಕೈ ಖಾಲಿ ಆಗ್ತದೆ, ಮುಂದೆ ಏನು ಮಾಡಬೇಕು ಅನ್ನೋದು ಇನ್ನೂ ನಿರ್ಧಾರ ಆಗಿರೋದಿಲ್ಲ. ಈ ಮೂರೂ ಕೂಡಿದ ಗಳಿಗೆ ಬೇಕು. ನೋಟ್‌ಬುಕ್ ಅದೇ ಕಟ್ಟೆಯ ಪಕ್ಕ ತೆರೆದಿಟ್ಟ, ಪೆನ್ನು ಅದರೊಳಗೆ. ಇವತ್ತಿನ ಲೆಕ್ಕ ಮುಗಿದ ಕೂಡಲೇ ನಾಳೆಯ ಲೆಕ್ಕದ ನಂಬರ್ ಮೇಲೆ ಬರೆದಿಡೋದು ಅವನದೇ ಐಡಿಯಾ, ನನಗಿಂತ ಜಾಣತನದ್ದು. ಯಾವ ಲೆಕ್ಕ ಅಂತ ಹುಡುಕುವ ಎರಡು ನಿಮಿಷದಲ್ಲೇ ಮೊಬೈಲ್ ಕೈಗೆ ಬರ್ತಿತ್ತಂತೆ.

ಮೂರನೇ ವಾರ ಹುರುಪಿನಲ್ಲಿ ಐದು ಲೆಕ್ಕ ಅಂತ ಏರಿಸಿದ. ನಾಲ್ಕೇ ದಿನಕ್ಕೆ ಡಬ್ಬಿ ತೊಳೆಯೋಕೇ ಬೇಜಾರು ಬರೋಕೆ ಶುರುವಾಯಿತು. ಇದು ಗಮನಿಸಬೇಕಾದ ಲಕ್ಷಣ: ಹೊಸದರ ಭಾರಕ್ಕೆ ಹಳೆಯದನ್ನೇ ಮುಂದೂಡುತ್ತಿದ್ದೀರಿ ಅಂದರೆ ಭಾರ ಜಾಸ್ತಿ ಆಗಿದೆ. ಮತ್ತೆ ಒಂದಕ್ಕೆ ಇಳಿಸಿದ. ಒಂದು ಬಿಡಿಸಿದ ಮೇಲೆ ಮನಸ್ಸಾದರೆ ಹತ್ತು ಬಿಡಿಸಲಿ, ಆದರೆ ಕರಾರು ಒಂದಕ್ಕೇ. ಎರಡು ಗಂಟೆಯ ಓದು ಯಾವತ್ತೂ ಹಲ್ಲುಜ್ಜಿದ ಹಾಗೆ ತಾನೇ ನಡೆಯೋದಿಲ್ಲ, ಅದಕ್ಕೆ ತಲೆ ಕೊಡಲೇಬೇಕು. ತಾನಾಗಿ ನಡೆಯುವಂತೆ ಮಾಡಬಹುದಾದ್ದು ಶುರು ಮಾಡೋದನ್ನು ಮಾತ್ರ. ಸ್ಟ್ಯಾಕಿಂಗ್‌ನಿಂದ ಇದಕ್ಕಿಂತ ಹೆಚ್ಚು ಬಯಸಿದರೆ ನಿರಾಶೆ ಆಗ್ತದೆ.

ಇನ್ನೊಂದು, ಹೊಸದನ್ನು ಹಳೆಯದರ ಮುಂಚೆಯೋ ನಡುವೆಯೋ ತುರುಕಬೇಡಿ, ಹಿಂದೆ ಕಟ್ಟಿ. ಹಲ್ಲಿನ ಸಂದಿಯನ್ನು ದಾರದಿಂದ ಶುಚಿ ಮಾಡುವ ಅಭ್ಯಾಸದ ಬಗ್ಗೆ 2013ರಲ್ಲಿ ಒಂದು ಸಣ್ಣ ಅಧ್ಯಯನ ಬಂತು, 50 ಜನರ ಮೇಲೆ ನಡೆದದ್ದು. ಕೆಲವರಿಗೆ ಹಲ್ಲುಜ್ಜುವ ಮೊದಲು, ಕೆಲವರಿಗೆ ಉಜ್ಜಿದ ಮೇಲೆ ಅಂತ ಹೇಳಿದ್ದರು. ಎಂಟು ತಿಂಗಳು ಬಿಟ್ಟು ನೋಡಿದರೆ ‘ಉಜ್ಜಿದ ಮೇಲೆ’ ಗುಂಪಿನಲ್ಲಿ ಅಭ್ಯಾಸ ಹೆಚ್ಚು ಗಟ್ಟಿಯಾಗಿ ಉಳಿದಿತ್ತು. ಬ್ರಷ್ ಇಟ್ಟ ಸದ್ದೇ ಅವರಿಗೆ ಸೂಚನೆ. ಮೊದಲು ಮಾಡಬೇಕಾದವರಿಗೆ ಅಂಥ ಸೂಚನೆ ಇಲ್ಲ, ಅವರೇ ನೆನಪಿಟ್ಟುಕೊಳ್ಳಬೇಕು.

ದಿನಾ ಬಸ್ಸಿನಲ್ಲಿ ಓಡಾಡುವವರು ನಿಮ್ಮ ಗೆಳೆಯರಲ್ಲಿ ಇದ್ದರೆ ಅವರಿಗೂ ಹೇಳಿ. ‘ಸೀಟು ಸಿಕ್ಕ ಮೇಲೆ ಓದ್ತೇನೆ’ ಅಂತ ಯಾರೂ ಬರೆದುಕೊಳ್ಳಬಾರದು. ಜೇವರ್ಗಿಯಿಂದ ಮುಂಜಾನೆ ಬರುವ ಬಸ್ಸಿನಲ್ಲಿ ಸೀಟು ಸಿಗೋದು ದೇವರ ಕೈಯಲ್ಲಿ. ನನ್ನ ಕ್ಲಾಸಿನ ಒಬ್ಬ ಹುಡುಗಿ ಕಂಡಕ್ಟರ್ ಕೊಟ್ಟ ಜೀರೋ ಟಿಕೆಟನ್ನು ಪರ್ಸಿಗೆ ಹಾಕಿ ಚೈನ್ ಎಳೆಯುವ ಗಳಿಗೆಗೆ ಕಟ್ಟಿಕೊಂಡಳು. ಚೈನ್ ಎಳೆದ ಮೇಲೆ, ನಿನ್ನೆಯ ಕ್ಲಾಸಿನ ಮೂರು ಸಂಗತಿ ಪುಸ್ತಕ ನೋಡದೆ ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳೋದು. ನಿಂತುಕೊಂಡೂ ಮಾಡಬಹುದು. ಅದಕ್ಕೇ ಉಳಿಯಿತು.

ಗೂಟವೂ ಹೊಸ ಕೆಲಸದಷ್ಟೇ ಪದೇ ಪದೇ ಬರಬೇಕು, ಇದನ್ನೂ ಹೇಳಿಬಿಡ್ತೇನೆ. ಒಬ್ಬ ‘ನಳದ ನೀರು ತುಂಬಿದ ಮೇಲೆ ಇಂಗ್ಲಿಷ್ ಪೇಪರ್ ಓದೋದು’ ಅಂತ ಬರೆದು ತಂದಿದ್ದ. ಅವನ ಓಣಿಗೆ ನೀರು ಬರೋದೇ ಮೂರು-ನಾಲ್ಕು ದಿನಕ್ಕೊಮ್ಮೆ, ಅದೂ ಒಮ್ಮೆ ನಡುರಾತ್ರಿ, ಒಮ್ಮೆ ಮಧ್ಯಾಹ್ನ. ನಕ್ಕು ವಾಪಸ್ ಕಳಿಸಿದೆ. ಕೊಡ ತೊಳೆಯುವ ಅಭ್ಯಾಸವನ್ನಾದರೆ ಅದಕ್ಕೆ ಕಟ್ಟಬಹುದು.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುವಿರಿ. 21 ದಿನದ ಮಾತು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಅವರ ತಂಡ 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯದ ಅಂಕಿ ಸುಮಾರು 66 ದಿನ ಬಂತು. ಆದರೆ ಒಬ್ಬೊಬ್ಬರದು 18 ದಿನದಿಂದ, ಲೆಕ್ಕ ಹಾಕಿ ಅಂದಾಜಿಸಿದ 254 ದಿನದವರೆಗೆ ಹರಡಿತ್ತು. ನೀರು ಕುಡಿಯುವಂಥ ಸರಳ ಕೆಲಸ ಬೇಗ ಅಂಟಿತು, ವ್ಯಾಯಾಮ ತಡವಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಹಾಗಾಗಿ ದಿನ ಎಣಿಸೋದಕ್ಕಿಂತ ಲಕ್ಷಣ ನೋಡಿ. ನಮ್ಮ ಹುಡುಗ ಏಳನೇ ವಾರ ಬಂದು ಹೇಳಿದ: ಕರೆಂಟು ಹೋಗಿತ್ತು, ಡಬ್ಬಿ ಇಟ್ಟು ಮೊಬೈಲ್ ಬ್ಯಾಟರಿ ಬೆಳಕಿನಲ್ಲಿ ಲೆಕ್ಕ ಅರ್ಧ ಮುಗಿಸಿದ ಮೇಲೆ, “ಅಯ್ಯೋ, ಇವತ್ತು ಬಿಡಬಹುದಿತ್ತಲ್ಲ” ಅಂತ ಅನ್ನಿಸಿತಂತೆ. ಅಂಟಿದೆ ಅನ್ನೋಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೂ ಏಪ್ರಿಲ್‌ನಲ್ಲಿ ಕೆಟ್ಟಿತು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಖೋಲಿಯೊಳಗೆ ಕೂರೋಕಾಗದೆ ನಾಲ್ವರೂ ಮಾಳಿಗೆಗೆ ಹೋದರು. ಊಟವೂ ಅಲ್ಲೇ, ಡಬ್ಬಿ ಬೋರಲು ಹಾಕೋದೂ ಅಲ್ಲೇ, ನೋಟ್‌ಬುಕ್ ಮಾತ್ರ ಕೆಳಗೆ. ಹನ್ನೊಂದು ದಿನ ಒಂದೂ ಲೆಕ್ಕ ಇಲ್ಲ. ಅಭ್ಯಾಸ ಇರೋದು ಅರ್ಧ ನಮ್ಮಲ್ಲಿ, ಅರ್ಧ ಜಾಗದಲ್ಲಿ. ಖೋಲಿ ಬದಲಿಸಿದಾಗ, ದಸರಾ ರಜೆಗೆ ಊರಿಗೆ ಹೋದಾಗ ನಿಮಗೂ ಹೀಗೇ ಆಗ್ತದೆ, ಅದನ್ನು ಸೋಲು ಅಂತ ಬರೆದುಕೊಳ್ಳಬೇಡಿ. ಹೊಸ ಜಾಗದಲ್ಲಿ ಯಾವ ಕೆಲಸ ಎಲ್ಲಿ ಮುಗೀತದೆ ಅಂತ ಮತ್ತೆ ಎರಡು ದಿನ ನೋಡಿ, ಗೂಟ ಅಲ್ಲಿಗೆ ಬಡಿಯಿರಿ. ಅವನು ಮಾಡಿದ್ದು ಇಷ್ಟೇ: ನೋಟ್‌ಬುಕ್ಕನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಾಸಿಗೆ ಸುರುಳಿಯ ಜೊತೆಗೇ ಮಾಳಿಗೆಗೆ ಒಯ್ಯೋಕೆ ಶುರುಮಾಡಿದ.