ಭೂಮಿ ಚೆಂಡಲ್ಲ, ಸ್ವಾಮಿ

ಪತ್ರ: ಸಣ್ಣ ಕಂಪನಿಯೊಂದರಲ್ಲಿ ತಂತ್ರಾಂಶ ಬರೆಯುತ್ತೇನೆ. ಎರಡು ಊರುಗಳ ನಡುವಿನ ನೇರ ದೂರಕ್ಕೆ ಭೂಮಿಯನ್ನು ಚೆಂಡೆಂದೇ ಹಿಡಿಯುವ ಹ್ಯಾವರ್‌ಸೈನ್ ಸೂತ್ರ ಬಳಸಿದ್ದೇನೆ, ಹತ್ತು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಧ್ರುವಗಳಲ್ಲಿ ಚಪ್ಪಟೆಯಾದ ಗೋಳದ, ಅಂದರೆ ಎಲಿಪ್ಸಾಯ್ಡ್ ಲೆಕ್ಕವೇ ಬೇಕೆಂದು ಸಹೋದ್ಯೋಗಿಯೊಬ್ಬರು ಹಟ ಹಿಡಿದಿದ್ದಾರೆ. ವ್ಯತ್ಯಾಸ ಬಂದರೆ ತ್ರಿಜ್ಯವನ್ನು ಸ್ವಲ್ಪ ತಿದ್ದಿಕೊಂಡರೆ ಸಾಲದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಸಹೋದ್ಯೋಗಿಗೆ ನನ್ನ ನಮಸ್ಕಾರ ತಿಳಿಸಿ. ಅಂಥವರು ಕಚೇರಿಗೊಬ್ಬರು ಇರಬೇಕು.

ಹ್ಯಾವರ್‌ಸೈನ್ ಕೆಟ್ಟ ಸೂತ್ರವೇನೂ ಅಲ್ಲ. ಲಾಗರಿದಮ್ ಕೋಷ್ಟಕ ಹಿಡಿದು ಹಡಗು ನಡೆಸುತ್ತಿದ್ದವರಿಗೆ ಅದು ವರವಾಗಿತ್ತು. ಎರಡು ಸ್ಥಳಗಳು ತೀರಾ ಹತ್ತಿರವಿದ್ದಾಗ ಕೊಸೈನ್ ಸೂತ್ರ ಅಂಕಿಗಳನ್ನು ನುಂಗಿಬಿಡುತ್ತದೆ, ಇದು ನುಂಗುವುದಿಲ್ಲ. ಬಳಿಯಲ್ಲಿರುವ ಔಷಧಿ ಅಂಗಡಿಗಳನ್ನು ಪಟ್ಟಿ ಮಾಡಲು ಧಾರಾಳವಾಗಿ ಬಳಸಿ. ಅದರ ಪರವಾಗಿ ಇಷ್ಟು ಸಾಕು.

ಈಗ ನಿಮ್ಮ ತ್ರಿಜ್ಯದ ಮಾತಿಗೆ ಬರೋಣ. ಪತ್ರದಲ್ಲಿ ನನ್ನನ್ನು ಕೆಣಕಿದ್ದು ಅದೇ. ಬೆಂಗಳೂರನ್ನು 12.9716 ಉತ್ತರ, 77.5946 ಪೂರ್ವ ಎಂದೂ ದೆಹಲಿಯನ್ನು 28.6139 ಉತ್ತರ, 77.2090 ಪೂರ್ವ ಎಂದೂ ಇಟ್ಟುಕೊಳ್ಳಿ. ತ್ರಿಜ್ಯ 6371 ಕಿ.ಮೀ. ಎಂದು ಹಿಡಿದರೆ ಹ್ಯಾವರ್‌ಸೈನ್ 1739.8 ಕಿ.ಮೀ. ಎನ್ನುತ್ತದೆ. ಜಿಪಿಎಸ್ ಬಳಸುವ WGS84 ಎಲಿಪ್ಸಾಯ್ಡ್ ಮೇಲೆ ಅಳೆದರೆ ಸಿಗುವುದು 1732.4. ಏಳು ಕಿಲೋಮೀಟರಿಗೂ ಮಿಕ್ಕಿದ ದೂರ ಎಲ್ಲಿಯೂ ಇಲ್ಲದೆ ಹುಟ್ಟಿಕೊಂಡಿದೆ. ಸರಿ, ತ್ರಿಜ್ಯವನ್ನು ಕುಗ್ಗಿಸೋಣ ಎನ್ನುತ್ತೀರಿ. ಹಾಗಿದ್ದರೆ ಮಂಗಳೂರಿನಿಂದ ಚೆನ್ನೈಗೆ ಅಳೆದು ನೋಡಿ. ಅಲ್ಲಿ ಇದೇ ಸೂತ್ರ ಸುಮಾರು 587 ಕಿ.ಮೀ. ತೋರಿಸುತ್ತದೆ, ಅದು ನಿಜಕ್ಕಿಂತ ಮುಕ್ಕಾಲು ಕಿಲೋಮೀಟರಿನಷ್ಟು ಕಡಿಮೆ! ಉತ್ತರ–ದಕ್ಷಿಣಕ್ಕೆ ಹೆಚ್ಚು, ಪೂರ್ವ–ಪಶ್ಚಿಮಕ್ಕೆ ಕಡಿಮೆ. ದೆಹಲಿಯನ್ನು ಸರಿಪಡಿಸಲು ತ್ರಿಜ್ಯವನ್ನು 6344ರ ಆಸುಪಾಸಿಗೆ ಇಳಿಸಿದಿರೋ, ಚೆನ್ನೈ ಮೂರು ಕಿಲೋಮೀಟರಿಗಿಂತ ಹೆಚ್ಚು ಹತ್ತಿರಕ್ಕೆ ಬಂದುಬಿಡುತ್ತದೆ.

ಭೂಮಿಯ ಬಾಗು ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಸಮಭಾಜಕದ ತ್ರಿಜ್ಯ 6378 ಕಿ.ಮೀ., ಧ್ರುವದ್ದು 6357. ನಮ್ಮ ಅಕ್ಷಾಂಶಗಳಲ್ಲಿ ಉತ್ತರಕ್ಕೆ ಹೊರಟ ಗೆರೆ ಹೆಚ್ಚು ಬಿಗಿಯಾಗಿ ಬಾಗುತ್ತದೆ, ಪೂರ್ವಕ್ಕೆ ಹೊರಟದ್ದು ಸಡಿಲವಾಗಿ. ಬೆಂಗಳೂರಿನ ಬಳಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 110.6 ಕಿ.ಮೀ. ಚೆಂಡಿನ ಲೆಕ್ಕ ಅದನ್ನು ಎಲ್ಲೆಡೆಯೂ 111.2 ಎನ್ನುತ್ತದೆ. ಒಂದೇ ತ್ರಿಜ್ಯದಿಂದ ಎರಡು ದಿಕ್ಕುಗಳನ್ನು ತೃಪ್ತಿಪಡಿಸಲಾಗದು.

ಇನ್ನೊಂದು ಸಂಗತಿಯನ್ನು ತಂತ್ರಾಂಶದವರು ಗಮನಿಸುವುದೇ ಇಲ್ಲ. ನಿಮ್ಮ ಮೊಬೈಲ್ ಕೊಡುವ ಅಕ್ಷಾಂಶವು ಭೂಕೇಂದ್ರದಲ್ಲಿ ಅಳೆದ ಕೋನವಲ್ಲ. ಎಲಿಪ್ಸಾಯ್ಡ್ ಮೇಲ್ಮೈಗೆ ನೆಟ್ಟಗೆ ನಿಲ್ಲಿಸಿದ ಗೆರೆ ಸಮಭಾಜಕದ ತಲದೊಂದಿಗೆ ಮಾಡುವ ಕೋನ ಅದು. ಅಂಕಿಯನ್ನು ಎಲಿಪ್ಸಾಯ್ಡ್‌ನಿಂದ ತಂದು ಲೆಕ್ಕವನ್ನು ಚೆಂಡಿನ ಮೇಲೆ ಮಾಡುತ್ತಿದ್ದೀರಿ.

ನನಗಿಷ್ಟು ಸಿಟ್ಟೇಕೆಂದರೆ, ಇದನ್ನು ಅಳೆದು ತಿಳಿದ ನೆಲ ನಮ್ಮದು. ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಅದರ ಮೊದಲ ಆಧಾರರೇಖೆ ಅಳೆದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆಸಿದರು. ಅವರ ಹಂಬಲ ನಕ್ಷೆಯೊಂದೇ ಆಗಿರಲಿಲ್ಲ, ಈ ಅಕ್ಷಾಂಶಗಳಲ್ಲಿ ಒಂದು ಡಿಗ್ರಿ ಎಷ್ಟು ಉದ್ದವೆಂದು ಕಂಡುಹಿಡಿದು ಭೂಮಿಯ ಆಕಾರವನ್ನೇ ನಿರ್ಧರಿಸುವುದಾಗಿತ್ತು. ಆ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಎಲಿಪ್ಸಾಯ್ಡ್ ಮೇಲೆ ನಮ್ಮ ನಕ್ಷೆಗಳು ಬಹುಕಾಲ ನಿಂತಿದ್ದವು. ಸರಪಳಿ ಎಳೆದವರು ಬಿಸಿಲಿನಲ್ಲಿ ನಿಂತು ಬಿಡದ ವ್ಯತ್ಯಾಸವನ್ನು ನಾವು ಫ್ಯಾನಿನ ಕೆಳಗೆ ಕುಳಿತು ಬಿಟ್ಟುಬಿಡುತ್ತೇವೆ!

ಕಷ್ಟದ ಕೆಲಸವೆಂಬ ನೆಪವೂ ಈಗ ಇಲ್ಲ. 1975ರ ವಿನ್ಸೆಂಟಿ ವಿಧಾನ ಉತ್ತರ ನಿಲ್ಲುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ತಿದ್ದುತ್ತದೆ. ಭೂಮಿಯ ಎದುರುಬದುರು ತುದಿಗಳ ಸಮೀಪದಲ್ಲಿ ಮಾತ್ರ ಅದು ನಿಲ್ಲದೆ ಸುತ್ತುತ್ತಿತ್ತು. ಚಾರ್ಲ್ಸ್ ಕಾರ್ನಿ 2013ರಲ್ಲಿ ಪ್ರಕಟಿಸಿದ ವಿಧಾನ ಆ ತೊಡಕನ್ನೂ ನಿವಾರಿಸಿತು. ಪೈಥಾನ್‌ನಲ್ಲಿ ನೀವು ಬರೆಯಬೇಕಾದದ್ದು ಇಷ್ಟೇ:

```python
from pyproj import Geod
g = Geod(ellps="WGS84")
_, _, d = g.inv(77.5946, 12.9716, 77.2090, 28.6139)
print(d / 1000)
```

ಇಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲು ಬದಲಾದರೆ ಎರಡೂ ಊರುಗಳು ಆರ್ಕ್ಟಿಕ್‌ಗೆ ಹಾರಿ, ದೂರ 380 ಕಿ.ಮೀ. ಆಸುಪಾಸಿಗೆ ಕುಸಿಯುತ್ತದೆ. ದೆಹಲಿ ಅಷ್ಟು ಹತ್ತಿರವಾದರೆ ತಪ್ಪೆಲ್ಲಿದೆಯೆಂದು ತಿಳಿಯುತ್ತದೆ.

ತಪ್ಪು ನಿಮ್ಮೊಬ್ಬರದೇ ಅಲ್ಲ, ಶಾಲೆಯದೂ ಹೌದು. ಭೂಗೋಳದ ತರಗತಿಯಲ್ಲಿ ಭೂಮಿ ಕಿತ್ತಳೆಯಂತೆ ಧ್ರುವಗಳಲ್ಲಿ ಚಪ್ಪಟೆ ಎಂದು ಬಾಯಿಪಾಠ ಮಾಡಿಸುತ್ತಾರೆ. ಪಕ್ಕದ ಭೌತಶಾಸ್ತ್ರದ ತರಗತಿಯಲ್ಲಿ ತ್ರಿಜ್ಯ 6400 ಎಂದು ಬರೆಸಿ ಅಂಕ ಕೊಡುತ್ತಾರೆ. ಎರಡನ್ನೂ ಒಂದೇ ಹುಡುಗ ಕಲಿಯುತ್ತಾನೆ, ಎರಡರ ನಡುವೆ ಜಗಳವಿದೆಯೆಂದು ಯಾರೂ ಹೇಳುವುದಿಲ್ಲ. ಆ ಹುಡುಗನೇ ದೊಡ್ಡವನಾಗಿ ನಮ್ಮ ಪತ್ರಿಕೆಗೆ ಲೇಖನ ಕಳಿಸುತ್ತಾನೆ, ಅದರಲ್ಲಿ ಚೆಂಡಿನ ಸೂತ್ರದಿಂದ ಬಂದ ದೂರಕ್ಕೆ ಮೂರು ದಶಮಾಂಶ ಸ್ಥಾನಗಳಿರುತ್ತವೆ. ಕಿಲೋಮೀಟರುಗಳೇ ತಪ್ಪಿರುವಲ್ಲಿ ಮೀಟರುಗಳ ಲೆಕ್ಕ! ಅಂಥವನ್ನು ನಾನು ಹೊಡೆದುಹಾಕುತ್ತೇನೆ. ನೀವು ಹ್ಯಾವರ್‌ಸೈನ್ ಬಿಡಲಾರಿರಾದರೆ ಪರದೆಯ ಮೇಲೆ "ಸುಮಾರು 1740 ಕಿ.ಮೀ." ಎಂದಷ್ಟೇ ತೋರಿಸಿ.