ಡೆವಲಪರ್ ಕೈಯಲ್ಲೂ ಕಾಣಿಸಿಕೊಳ್ಳುವಂತೆ ಬಗ್ ವರದಿ ಬರೆಯುವುದು

“ನಾನು ಕ್ಯೂಎ ಇಂಟರ್ನ್. ‘ಕೂಪನ್ ಲೆಕ್ಕ ತಪ್ಪಾಗಿದೆ’ ಎಂದು ಬರೆದ ಬಗ್ ಅನ್ನು ಡೆವಲಪರ್ ‘ನಮ್ಮಲ್ಲಿ ಸರಿಯಾಗಿದೆ’ ಎಂದು ಮುಚ್ಚಿಬಿಟ್ಟರು. ಹೇಗೆ ಬರೆಯಬೇಕಿತ್ತು?”

ನಮಸ್ಕಾರ. ಡೆವಲಪರ್ ಬಹುಶಃ ಸಾಮಾನು ಸೇರಿಸಿ, ಕೂಪನ್ ಹಾಕಿ, ಸರಿಯಾದ ಮೊತ್ತವನ್ನೇ ಕಂಡಿರುತ್ತಾರೆ. ಕೂಪನ್ ದೋಷಗಳು ಹೆಚ್ಚಾಗಿ ಅಡಗಿರುವುದು ಕೂಪನ್ ಹಾಕಿದ ನಂತರದ ಹೆಜ್ಜೆಗಳಲ್ಲಿ. ನಾನು ಕಂಡ ಒಂದು ಪ್ರಕರಣದಲ್ಲಿ, 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಗೆ 100 ರೂಪಾಯಿ ರಿಯಾಯಿತಿ ಇತ್ತು. ಅದರ ಶೀರ್ಷಿಕೆಯನ್ನು ‘ಸಂಖ್ಯೆ ಇಳಿಸಿ ಮೊತ್ತ 500ಕ್ಕಿಂತ ಕಡಿಮೆಯಾದರೂ ಕೂಪನ್ ಉಳಿಯುತ್ತದೆ’ ಎಂದು ಬರೆದೆವು. ಹೆಜ್ಜೆಗಳು ಹೀಗಿದ್ದವು: ಖಾಲಿ ಕಾರ್ಟ್‌ಗೆ 300 ರೂಪಾಯಿಯ ಒಂದೇ ವಸ್ತುವನ್ನು ಎರಡು ಸೇರಿಸಿ, ಕೂಪನ್ ಹಾಕಿ, ಮೊತ್ತ 500 ಆದದ್ದನ್ನು ನೋಡಿ, ಆಮೇಲೆ ಸಂಖ್ಯೆಯನ್ನು ಒಂದಕ್ಕೆ ಇಳಿಸಿ. ನಿರೀಕ್ಷೆ: ಕೂಪನ್ ತೆಗೆದುಹೋಗಿ 300. ಕಂಡದ್ದು: ಕೂಪನ್ ಹಾಗೆಯೇ ಇದ್ದು 200. ಬಿಲ್ಡ್ ಸಂಖ್ಯೆ, ಬ್ರೌಸರ್ ಮತ್ತು ಬಳಸಿದ ಪರೀಕ್ಷಾ ಖಾತೆಯನ್ನೂ ನಮೂದಿಸಿ. ‘ಸರ್ವರ್ ಮೊತ್ತವನ್ನು ಮರುಲೆಕ್ಕ ಮಾಡುತ್ತಿಲ್ಲ’ ಎಂಬಂತಹ ಊಹೆ ಇದ್ದರೆ ಅದನ್ನು ಕೊನೆಯಲ್ಲಿ, ಊಹೆ ಎಂದೇ ಬರೆಯಿರಿ, ಏಕೆಂದರೆ ತಪ್ಪು ಊಹೆ ಹುಡುಕಾಟವನ್ನೇ ದಾರಿ ತಪ್ಪಿಸುತ್ತದೆ.

ಕಳುಹಿಸುವ ಮೊದಲು ಹೊಸ ಪ್ರೈವೇಟ್ ವಿಂಡೋದಲ್ಲಿ, ಬರೆದ ಹೆಜ್ಜೆಗಳನ್ನಷ್ಟೇ ಅನುಸರಿಸಿ. ದೋಷ ಕಾಣದಿದ್ದರೆ ಯಾವುದೋ ಹೆಜ್ಜೆ ನಿಮ್ಮ ನೆನಪಿನಲ್ಲಷ್ಟೇ ಉಳಿದಿರಬಹುದು.

ಇದೇ ಕೂಪನ್ ನಿಯಮಕ್ಕೆ ಟೆಸ್ಟ್ ಕೇಸ್ ಬರೆಯುವಾಗ 499, 500, 501 ಎಂಬ ಮೂರು ಮೊತ್ತಗಳು ಸಾಲುವುದಿಲ್ಲ. ಕೂಪನ್ ಹಾಕಿದ ಮೇಲೆ ವಸ್ತುವನ್ನು ತೆಗೆಯುವುದು, ಸಂಖ್ಯೆ ಇಳಿಸುವುದು, ಹಿಂದಿನ ಪುಟಕ್ಕೆ ಮರಳುವುದು, ಇವು ಪ್ರತಿಯೊಂದಕ್ಕೂ ಪ್ರತ್ಯೇಕ ಕೇಸ್ ಇರಲಿ. ಒಂದೇ ಕೇಸ್‌ನಲ್ಲಿ ಎಲ್ಲವನ್ನೂ ತುರುಕಿದರೆ, ಅದು ವಿಫಲವಾದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.