37 ಪೇಪರ್ ಇದ್ದರೂ ಮೂರೇ ಕೊಡುಗೆ ಸಾಕು

*ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಂಶೋಧನಾ ಅನುದಾನದ ಅರ್ಜಿ*

ಪ್ರಶ್ನೆ: ಸರ್, ನಾನು ಬೀದರ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಅಸೋಸಿಯೇಟ್ ಪ್ರೊಫೆಸರ್. ಅಮೆರಿಕದ ಪ್ರೊಫೆಸರ್ ಒಬ್ಬರು ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಹಾಕುತ್ತಿರುವ ಬ್ರುಸೆಲ್ಲೋಸಿಸ್ ಪ್ರಾಜೆಕ್ಟಿನಲ್ಲಿ ನನ್ನ ಹೆಸರೂ ಇದೆ. ಅರ್ಜಿಯ ಜೊತೆ ಹೋಗುವ ಪರಿಚಯ ಪತ್ರ, ಅಂದರೆ ಬಯೋಸ್ಕೆಚ್‌ನಲ್ಲಿ ನನ್ನ 37 ಪೇಪರ್‌ಗಳನ್ನೂ ಹಾಕಿ ಕಳಿಸಿದೆ. "ಪಟ್ಟಿ ಬೇಡ, ಕೊಡುಗೆ ಬರೆಯಿರಿ" ಅಂತ ವಾಪಸ್ ಬಂತು. ಅಷ್ಟು ಪೇಪರ್ ಬಿಟ್ಟರೆ ನಾನು ಸಣ್ಣವನಾಗಿ ಕಾಣುವುದಿಲ್ಲವೇ? ಒಂದು ಪ್ಯಾರಾ ಬರೆದು ಜೊತೆಗೆ ಇಟ್ಟಿದ್ದೇನೆ, ನೋಡಿ ಹೇಳಿ.

ಉತ್ತರ: ಇಲ್ಲ, ಕಾಣುವುದಿಲ್ಲ. ಈ ಭಯವನ್ನು ಮೊದಲು ತೆಗೆಯಬೇಕು, ಯಾಕೆಂದರೆ ಪ್ರತಿ ಸಲದ ಅಂಚೆಯಲ್ಲೂ ಇದೇ ಬರುತ್ತದೆ. 2025ರ ಜನವರಿ 25ರಿಂದ ಎನ್‌ಐಎಚ್ ಅರ್ಜಿಗಳ ಪರಿಶೀಲನೆ ಬದಲಾಗಿದೆ. ವಿಷಯದ ಮಹತ್ವಕ್ಕೆ ಅಂಕ ಇದೆ, ಕೆಲಸದ ವಿಧಾನಕ್ಕೂ ಅಂಕ ಇದೆ. ಆದರೆ ತಂಡದ ಪರಿಣತಿ ಮತ್ತು ಸೌಲಭ್ಯಕ್ಕೆ ಪ್ರತ್ಯೇಕ ಅಂಕವೇ ಇಲ್ಲ. ರಿವ್ಯೂವರ್ ಅಲ್ಲಿ "ಸಾಕು" ಅನ್ನಬೇಕು, ಇಲ್ಲವೇ ಎಲ್ಲಿ ಕೊರತೆ ಇದೆ ಎಂದು ಬರೆಯಬೇಕು, ಅಷ್ಟೆ. 37 ಪೇಪರ್ ಹಾಕಿದರೆ ಅಂಕ ಏರುವುದಿಲ್ಲ. "ಈ ಪ್ರಾಜೆಕ್ಟಿನಲ್ಲಿ ಬೀದರ್ ಕಡೆಯ ಕೆಲಸ ಇವರಿಂದ ಆದೀತೇ?" ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮಾತ್ರ ಏಟು ಬೀಳುತ್ತದೆ. ಪಟ್ಟಿಯಲ್ಲಿ ಆ ಉತ್ತರ ಹೂತುಹೋಗುತ್ತದೆ.

ಇನ್ನೊಂದು ಮಾತು. ನೀವು ಹಿರಿಯ ಸಹೋದ್ಯೋಗಿಯಿಂದ ತಂದಿರುವ ವರ್ಡ್ ಫೈಲ್ ಹಳೆಯದು. ಐದು ಪುಟದ ಮಿತಿ, ಒಂದು ಕೊಡುಗೆಗೆ ಅರ್ಧ ಪುಟ, ಅದರ ಕೆಳಗೆ ನಾಲ್ಕು ಪೇಪರ್ ಎಂಬುದು 2015ರಿಂದ ಬಂದ ನಮೂನೆ. 2026ರ ಜನವರಿ 25ರ ನಂತರದ ಅರ್ಜಿಗಳಿಗೆ ಹೊಸ ಫಾರ್ಮ್ ಇದೆ, ಅದನ್ನು SciENcv ಎಂಬ ತಾಣದಲ್ಲೇ ತುಂಬಬೇಕು. ನಿಮ್ಮ ಕೆಲಸಗಳ ಪಟ್ಟಿಯಲ್ಲಿ ಈ ಪ್ರಾಜೆಕ್ಟಿಗೆ ಹತ್ತಿರದವು ಐದು, ಬೇರೆ ಮುಖ್ಯವಾದವು ಐದು, ಒಟ್ಟು ಹತ್ತರ ಮೇಲೆ ಹಿಡಿಸುವುದಿಲ್ಲ. `Contributions to Science` ಭಾಗದಲ್ಲಿ ಹೆಚ್ಚೆಂದರೆ ಐದು ಕೊಡುಗೆ, ಒಂದೊಂದಕ್ಕೆ 2000 ಅಕ್ಷರ. ಇಂಗ್ಲಿಷಿನಲ್ಲಿ ಅದು ಸುಮಾರು 300 ಪದ. ಐದನ್ನೂ ತುಂಬಲೇಬೇಕೆಂಬ ಕಟ್ಟಳೆ ಇಲ್ಲ.

ಈಗ ಆಯ್ಕೆಯ ವಿಚಾರ. ಪೇಪರ್‌ಗಳನ್ನು ಜರ್ನಲ್ ಹೆಸರಿನ ಮೇಲೋ ವರ್ಷದ ಮೇಲೋ ಜೋಡಿಸಬೇಡಿ. ಪ್ರತಿಯೊಂದರ ಮುಂದೆ ಅದು ಯಾವ ಪ್ರಶ್ನೆಗೆ ಉತ್ತರ ಹುಡುಕಿತು ಎಂದು ಒಂದು ಸಾಲು ಬರೆಯಿರಿ. ನಿಮ್ಮ ಪಟ್ಟಿ ನೋಡಿದರೆ ಹೀಗೆ ಒಡೆಯುತ್ತದೆ: ದನ, ಆಡು, ಕುರಿ ಸಾಕುವವರಲ್ಲಿ ಬ್ರುಸೆಲ್ಲೋಸಿಸ್ ಪತ್ತೆಯ ಬಗ್ಗೆ 11 ಪೇಪರ್; ಮೂತ್ರದ ಸೋಂಕಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಬಗ್ಗೆ 9; ಪ್ರಯೋಗಾಲಯದ ಗುಣಮಟ್ಟ ಮತ್ತು ತರಬೇತಿಯ ಬಗ್ಗೆ 4; ಉಳಿದ 13 ಕೇಸ್ ರಿಪೋರ್ಟು ಮತ್ತು ಪಿಜಿ ವಿದ್ಯಾರ್ಥಿಗಳ ಪ್ರಬಂಧದಿಂದ ಹುಟ್ಟಿದ ಬಿಡಿ ಪೇಪರ್. ಆ ಹದಿಮೂರನ್ನು ಒಂದು ದಾರಕ್ಕೆ ಪೋಣಿಸಲು ಹೋಗಬೇಡಿ, ಅವು ಬಡ್ತಿಯ ಕಡತದಲ್ಲಿರಲಿ. ಮೊದಲ ಮೂರು ಗುಂಪು ಮೂರು ಕೊಡುಗೆ. ಗುಣಮಟ್ಟದ ಗುಂಪು ನಿಮಗೆ ಸಪ್ಪೆ ಅನ್ನಿಸಬಹುದು. ಈ ಪ್ರಾಜೆಕ್ಟಿನಲ್ಲಿ ರಕ್ತದ ಮಾದರಿ ಹಳ್ಳಿಯಿಂದ ಪ್ರಯೋಗಾಲಯಕ್ಕೆ ಕೆಡದಂತೆ ಬರಬೇಕಾದರೆ ರಿವ್ಯೂವರ್ ಹುಡುಕುವುದು ಅದನ್ನೇ.

ನಿಮ್ಮ ಪ್ಯಾರಾ ಶುರುವಾಗುವುದು ಹೀಗೆ: "ಬ್ರುಸೆಲ್ಲೋಸಿಸ್ ಕುರಿತು ಪ್ರತಿಷ್ಠಿತ ಜರ್ನಲ್‌ಗಳಲ್ಲಿ 11 ಪೇಪರ್ ಪ್ರಕಟಿಸಿದ್ದೇನೆ. ಕಲ್ಯಾಣ ಕರ್ನಾಟಕದಲ್ಲಿ ಇದು ಈ ಬಗೆಯ ಮೊದಲ ಕೆಲಸ." ಎರಡು ವಾಕ್ಯ ಮುಗಿದರೂ ನೀವು ಏನು ಕಂಡುಹಿಡಿದಿರಿ ಎಂಬುದು ಬರಲಿಲ್ಲ. "ಪ್ರತಿಷ್ಠಿತ" ಎಂಬುದು ಜರ್ನಲ್‌ನ ಹೊಗಳಿಕೆ, ನಿಮ್ಮದಲ್ಲ. "ಈ ಭಾಗದಲ್ಲಿ ಮೊದಲು" ಅಂದರೆ ಬೀದರ್ ಎಲ್ಲಿದೆ ಎಂದು ತಿಳಿಯದ ರಿವ್ಯೂವರ್‌ಗೆ ಇಷ್ಟೇ ಅರ್ಥ: ಬೇರೆ ಕಡೆ ಆಗಿಹೋಗಿದ್ದನ್ನು ಇಲ್ಲಿ ಮತ್ತೆ ಮಾಡಿದ್ದಾರೆ.

ಫಾರ್ಮಿನ ಕೊಡುಗೆಯ ಭಾಗ ನಾಲ್ಕು ಸಂಗತಿ ಕೇಳುತ್ತದೆ: ಆಗ ಸಮಸ್ಯೆ ಏನಿತ್ತು, ನೀವು ಕಂಡದ್ದೇನು, ಅದರಿಂದ ಏನು ಬದಲಾಯಿತು, ಅದರಲ್ಲಿ ನಿಮ್ಮ ಪಾಲು ಯಾವುದು. 2000 ಅಕ್ಷರದಲ್ಲಿ ಸಮಸ್ಯೆಗೆ 400, ಕಂಡದ್ದಕ್ಕೆ 700, ಉಳಿದೆರಡಕ್ಕೆ ತಲಾ 400 ಇಟ್ಟುಕೊಳ್ಳಿ, ನೂರು ಕೈಯಲ್ಲಿರಲಿ. ಎಲ್ಲರೂ ಜಾರುವುದು ಸಮಸ್ಯೆಯಲ್ಲೇ. ರೋಗದ ಇತಿಹಾಸ ಬರೆಯುತ್ತಾ 1200 ಅಕ್ಷರ ತಿಂದುಬಿಡುತ್ತಾರೆ. ನಿಮ್ಮ ಪತ್ರದಲ್ಲಿರುವ ವಿವರಗಳನ್ನೇ ಇಟ್ಟುಕೊಂಡು ತಿದ್ದಿದರೆ ಹೀಗಾಗುತ್ತದೆ (ಇಂಗ್ಲಿಷಿನಲ್ಲಿ ನೀವೇ ಬರೆಯಿರಿ):

"ಬ್ರುಸೆಲ್ಲೋಸಿಸ್ ಜ್ವರ ಟೈಫಾಯ್ಡ್‌ನಂತೆ ಕಾಣುವುದರಿಂದ ತಪ್ಪು ಚಿಕಿತ್ಸೆಗೆ ಹೋಗುತ್ತದೆ. ಕಲ್ಚರ್ ನಿಧಾನ, ಪ್ರಯೋಗಾಲಯದವರಿಗೇ ಸೋಂಕು ತಗಲುವ ಅಪಾಯವೂ ಇದೆ, ಹಾಗಾಗಿ ಜಿಲ್ಲಾ ಆಸ್ಪತ್ರೆಗಳು ರಕ್ತದ ಆಂಟಿಬಾಡಿ ಪರೀಕ್ಷೆಯನ್ನೇ ನಂಬಬೇಕು. ಆದರೆ ದಿನವೂ ದನಕರುಗಳ ನಡುವೆ ಇರುವವರಲ್ಲಿ ಹಳೆಯ ಸೋಂಕಿನ ಆಂಟಿಬಾಡಿ ಉಳಿದಿರಬಹುದು, ಆಗ ಒಂದೇ ಪಾಸಿಟಿವ್‌ನಿಂದ ಈಗಿನ ರೋಗವನ್ನು ಹೇಳಲಾಗದು. ನಾವು ರೋಸ್ ಬೆಂಗಾಲ್ ಪಾಸಿಟಿವ್ ಬಂದ ಮಾದರಿಗಳನ್ನು ಟ್ಯೂಬ್ ಅಗ್ಲುಟಿನೇಶನ್ ಮತ್ತು 2-ಎಂಇ ಪರೀಕ್ಷೆಗೆ ಒಳಪಡಿಸಿ, ಅದೇ ಜನರನ್ನು ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಿದೆವು. ಜ್ವರವಿಲ್ಲದ ಪಾಸಿಟಿವ್‌ಗಳಲ್ಲಿ ಟೈಟರ್ ಹೆಚ್ಚಾಗಿ ಬದಲಾಗಲಿಲ್ಲ; ಜ್ವರವಿದ್ದು ಚಿಕಿತ್ಸೆ ಪಡೆದವರಲ್ಲಿ 2-ಎಂಇ ಟೈಟರ್ ಇಳಿಯಿತು. ಇದರ ನಂತರ ನಮ್ಮ ಪ್ರಯೋಗಾಲಯ ಒಂದೇ ರೋಸ್ ಬೆಂಗಾಲ್ ಫಲಿತಾಂಶವನ್ನು ವರದಿ ಮಾಡುವುದು ನಿಲ್ಲಿಸಿ, ಎರಡನೇ ಪರೀಕ್ಷೆಯೊಂದಿಗೆ ಕೊಡುತ್ತಿದೆ. ಅಧ್ಯಯನದ ವಿನ್ಯಾಸ ಮತ್ತು ಎಲ್ಲ ಪ್ರಯೋಗಾಲಯ ಪರೀಕ್ಷೆಗಳ ಹೊಣೆ ನನ್ನದು. ಮಾದರಿ ಸಂಗ್ರಹ ಪಶುವೈದ್ಯ ಸಹೋದ್ಯೋಗಿಗಳದು, ಅಂಕಿಅಂಶದ ವಿಶ್ಲೇಷಣೆ ಸಮುದಾಯ ವೈದ್ಯಕೀಯ ವಿಭಾಗದ್ದು."

2-ಎಂಇ ಯಾಕೆ ಬಂತು ನೋಡಿ. ಅದು ಐಜಿಎಂ ಆಂಟಿಬಾಡಿಯನ್ನು ಒಡೆದು ಐಜಿಜಿಯನ್ನು ಮಾತ್ರ ಉಳಿಸುತ್ತದೆ. ಈ ಕ್ಷೇತ್ರದವನಿಗೆ ಆ ಒಂದು ಹೆಸರು ಸಾಕು, ನೀವು ಪಾಸಿಟಿವ್ ಎಣಿಸಿ ಬಿಡುವವರಲ್ಲ ಎಂದು ಗೊತ್ತಾಗುತ್ತದೆ. ನಿಮ್ಮ ಮೂಲ ಪ್ಯಾರಾದಲ್ಲಿ ಪರೀಕ್ಷೆಯ ಹೆಸರೇ ಇರಲಿಲ್ಲ!

"ಬದಲಾಯಿತು" ಎಂಬ ಸಾಲಿನಲ್ಲಿ ಕೈ ಬಿಗಿ ಹಿಡಿಯಿರಿ. ನಿಮ್ಮ ಪ್ರಯೋಗಾಲಯದ ವರದಿ ಪದ್ಧತಿ ಬದಲಾಗಿದ್ದರೆ ಅಷ್ಟೇ ಬರೆಯಿರಿ, "ರಾಷ್ಟ್ರೀಯ ನೀತಿಗೆ ದಾರಿಯಾಯಿತು" ಎಂದು ಏಣಿ ಹತ್ತಬೇಡಿ. ಏನೂ ಬದಲಾಗದ ಕೆಲಸವಾಗಿದ್ದರೆ, ಅದರಿಂದ ಮುಂದಿನ ಯಾವ ಪ್ರಶ್ನೆ ತೆರೆಯಿತು, ದತ್ತಾಂಶವನ್ನು ಬೇರೆ ಯಾರು ಬಳಸಿದರು ಎಂದು ಹೇಳಿ. ಅದೂ ಇಲ್ಲದಿದ್ದರೆ ಆ ಗುಂಪು ಕೊಡುಗೆಯೇ ಅಲ್ಲ, ಬಿಡಿ.

ಪಾಲಿನ ಸಾಲು ಇನ್ನೂ ಸೂಕ್ಷ್ಮ. 11ರಲ್ಲಿ ದೊಡ್ಡ ಪೇಪರ್‌ಗೆ ನೀವು ಮೂರನೇ ಲೇಖಕರು. ಅದರ ಮೊದಲ ಲೇಖಕರೂ ಇದೇ ಅರ್ಜಿಯಲ್ಲಿ ಇದ್ದಾರೆಂದು ಬರೆದಿದ್ದೀರಿ. ಇಬ್ಬರೂ "ಅಧ್ಯಯನವನ್ನು ವಿನ್ಯಾಸ ಮಾಡಿದ್ದು ನಾನೇ" ಎಂದು ಬರೆದರೆ ಒಬ್ಬನೇ ರಿವ್ಯೂವರ್ ಎರಡನ್ನೂ ಒಂದೇ ಕೂತಲ್ಲಿ ಓದುತ್ತಾನೆ. ಆಮೇಲೆ ಅವನು ನಿಮ್ಮಿಬ್ಬರ ಉಳಿದ ಮಾತನ್ನೂ ನಂಬುವುದಿಲ್ಲ. ಆದ್ದರಿಂದ ಆ ಒಂದು ವಾಕ್ಯವನ್ನು ಸಹಲೇಖಕರಿಗೆ ಕಳಿಸಿ, ಒಪ್ಪಿಗೆ ಪಡೆದು, ಆಮೇಲೆ ಫಾರ್ಮಿಗೆ ಹಾಕಿ. ಮೂರನೇ ಹೆಸರು ಎಂದು ನಾಚುವುದೂ ಬೇಡ. "2-ಎಂಇ ಪರೀಕ್ಷೆ ನನ್ನ ಪ್ರಯೋಗಾಲಯದಲ್ಲಿ ನಡೆಯಿತು" ಎಂಬುದು ಈ ಪ್ರಾಜೆಕ್ಟಿಗೆ ಮೊದಲ ಹೆಸರಿಗಿಂತ ಹೆಚ್ಚು ಬೇಕಾದ ಮಾತು.

ಕೊನೆಗೆ ಒಂದು ತಾಳೆ ನೋಡಿ. ಪ್ರತಿ ಕೊಡುಗೆಗೂ ಆ ಹತ್ತರ ಪಟ್ಟಿಯಲ್ಲಿ ಕನಿಷ್ಠ ಒಂದು ಆಧಾರ ಇರಬೇಕು. ಬ್ರುಸೆಲ್ಲೋಸಿಸ್‌ನ ಮೂರ್ನಾಲ್ಕು ಪೇಪರ್ ಹತ್ತಿರದ ಐದರಲ್ಲಿ ಬರಲಿ, ಮೂತ್ರದ ಸೋಂಕಿನವು ಎರಡನೇ ಐದರಲ್ಲಿ. ಪೇಪರೇ ಆಗಬೇಕೆಂದಿಲ್ಲ, ಸಾರ್ವಜನಿಕವಾಗಿ ಸಿಗುವ ದತ್ತಾಂಶವೂ ನಡೆಯುತ್ತದೆ.

ಪ್ರಶ್ನೆ: ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್ ಹಾಕಿದರೆ ಒಳ್ಳೆಯದಲ್ಲವಾ? ಗೂಗಲ್ ಸ್ಕಾಲರ್ ಗ್ರಾಫ್ ಕೂಡ ಚೆನ್ನಾಗಿದೆ. (ಯಾದಗಿರಿ)

ಉತ್ತರ: ಬೇಡ. ಜರ್ನಲ್‌ನ ಅಂಕಿಯಿಂದ ಸಂಶೋಧಕನನ್ನು ಅಳೆಯಬೇಡಿ ಎಂದು 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಹೇಳಿಯಾಗಿದೆ.

ಪ್ರಶ್ನೆ: ಬರೆಯುತ್ತಿರುವ ಪೇಪರ್ ಮತ್ತು ಕಲಬುರಗಿಯಲ್ಲಿ ಕೊಟ್ಟ ಆಹ್ವಾನಿತ ಉಪನ್ಯಾಸಗಳನ್ನು ಹತ್ತರಲ್ಲಿ ಸೇರಿಸಬಹುದೇ?

ಉತ್ತರ: ಎರಡೂ ಇಲ್ಲ.

ಪ್ರಶ್ನೆ: ಈಗಷ್ಟೇ ಪಿಎಚ್‌ಡಿ ಮುಗಿದಿದೆ, ಎರಡೇ ಪೇಪರ್. ಕೊಡುಗೆ ಅಂತ ಏನು ಬರೆಯಲಿ?

ಉತ್ತರ: ಎರಡು ಕೊಡುಗೆ ಬರೆಯಿರಿ. ಪಿಎಚ್‌ಡಿಯದು ಒಂದು, ಅದಕ್ಕೂ ಮುಂಚಿನ ಎಂಎಸ್‌ಸಿ ಅಥವಾ ಜೆಆರ್‌ಎಫ್ ಕೆಲಸ ಇನ್ನೊಂದು. ಗೈಡ್‌ನ ಮೂವತ್ತು ವರ್ಷದ ಸಾಧನೆಯನ್ನು "ನಮ್ಮ ಲ್ಯಾಬ್" ಎಂದು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಪ್ರಶ್ನೆ: ನಮ್ಮಲ್ಲೊಬ್ಬರು ದುಡ್ಡು ತಗೊಂಡು ಬಯೋಸ್ಕೆಚ್ ಪೂರಾ ಮಾಡಿಕೊಡುತ್ತಾರೆ. ಲಾಗಿನ್ ಕೊಟ್ಟರೆ ಸಾಕಂತೆ. ಕೊಡಬಹುದಾ?

ಉತ್ತರ: ಲಾಗಿನ್ ಕೊಡಬೇಡಿ! ಫಾರ್ಮಿನ ಕೊನೆಯಲ್ಲಿ "ಇದೆಲ್ಲ ನಿಜ" ಎಂದು ದೃಢೀಕರಿಸಬೇಕಾದವರು ನೀವೇ, ಬೇರೆಯವರು ಮಾಡುವಂತಿಲ್ಲ. ಅಲ್ಲಿ ಸುಳ್ಳು ಹೇಳಿಕೆ ಕೊಟ್ಟರೆ ಅಮೆರಿಕದ ಕಾನೂನಿನಲ್ಲಿ ಅಪರಾಧ. ಅವರು ಹೊಲಿಯುವ "ಪ್ರವರ್ತಕ ಸಂಶೋಧನೆ", "ಕ್ರಾಂತಿಕಾರಿ ಫಲಿತಾಂಶ" ಎಂಬ ಪ್ಯಾರಾಗಳು ಪ್ರತಿ ಗಿರಾಕಿಗೂ ಹೆಸರು ಬದಲಿಸಿ ಹೋಗುತ್ತವೆ. ದೃಢೀಕರಿಸಿದ ಪಿಡಿಎಫ್ ಕೈಗೆ ಬಂದ ಮೇಲೆ ಅದನ್ನು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿಯೋ, ಬೇರೆ ಫೈಲ್ ಜೊತೆ ಸೇರಿಸಿಯೋ ಕಳಿಸಬೇಡಿ, ಡಿಜಿಟಲ್ ಗುರುತು ಹೋಗುತ್ತದೆ. ಡೌನ್‌ಲೋಡ್ ಆದದ್ದನ್ನು ಹಾಗೆಯೇ ಅಮೆರಿಕದ ಪ್ರೊಫೆಸರ್‌ಗೆ ರವಾನಿಸಿ. ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ ಐಡಿ ಜೋಡಿಸದೆ ಈ ಫಾರ್ಮ್ ಮುಗಿಯುವುದಿಲ್ಲ, ಅದನ್ನು ಮೊದಲ ದಿನವೇ ಮಾಡಿಕೊಳ್ಳಿ.